ಕೇಳಬೇಕಾದ್ದು ದಕ್ಷತೆ ಅಲ್ಲ, ಬಿಸಿಲಲ್ಲಿ ಒಂದು ವ್ಯಾಟ್‌ಗೆ ಎಷ್ಟು ರೂಪಾಯಿ

ಸೋಲಾರ್ ಪ್ಯಾನೆಲ್ ಮಾರುವವರು ಇತ್ತೀಚೆಗೆ ಒಂದೇ ಮಾತು ಹೇಳುತ್ತಾರೆ: "ನಮ್ಮದು 22 ಪರ್ಸೆಂಟ್ ದಕ್ಷತೆ ಸರ್, ಹಳೇ ಪಾಲಿ ಬರೀ 17." ಕೇಳಿದವರಿಗೆ ಅನಿಸುವುದು ಸಹಜ, 22ರದ್ದು ಹಾಕಿದರೆ ಬೋರ್‌ವೆಲ್‌ನಿಂದ ನೀರೂ ಅಷ್ಟೇ ಜಾಸ್ತಿ ಬರುತ್ತದೆ ಅಂತ. ಬರುವುದಿಲ್ಲ. ಹೊಲದಲ್ಲಿ ಪಂಪ್ ನಡೆಸುವವರು ಬರೀ ದಕ್ಷತೆಯ ಸಂಖ್ಯೆ ನೋಡಿ ಜಾಸ್ತಿ ದುಡ್ಡು ಕೊಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ಫೋನಿನ ಕ್ಯಾಲ್ಕುಲೇಟರ್ ತೆಗೆದಿಟ್ಟುಕೊಂಡರೆ ಸಾಕು.

ಮೂರು ಜಾತಿ, ಒಂದೇ ಕೆಲಸ

ಮೊದಲು ಗುರುತು ಹಿಡಿಯುವುದನ್ನು ನೋಡೋಣ. ಮೊನೊಕ್ರಿಸ್ಟಲಿನ್ ಅಂದರೆ ಒಂದೇ ಹರಳಿನ ಸಿಲಿಕಾನ್. ಕರಗಿದ ಸಿಲಿಕಾನ್‌ಗೆ ಸಣ್ಣ ಬೀಜದ ಹರಳು ತಾಗಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲಕ್ಕೆ ಎಳೆದು ಉದ್ದನೆಯ ದಿಂಡು ಮಾಡುತ್ತಾರೆ. ಆಮೇಲೆ ಅದನ್ನು ಹಪ್ಪಳದ ಹಾಗೆ ತೆಳ್ಳಗೆ ಕೊಯ್ಯುತ್ತಾರೆ. ನೋಡಲು ಕಪ್ಪಗೆ, ಒಂದೇ ಬಣ್ಣ. ಬಿಲ್ಲೆಗಳ ಮೂಲೆ ಸ್ವಲ್ಪ ಕತ್ತರಿಸಿದ ಹಾಗಿರುತ್ತದೆ.

ಪಾಲಿಕ್ರಿಸ್ಟಲಿನ್‌ನಲ್ಲಿ ಕರಗಿದ ಸಿಲಿಕಾನ್ ಅನ್ನು ಅಚ್ಚಿಗೆ ಹೊಯ್ದು ಆರಲು ಬಿಡುತ್ತಾರೆ. ಬೆಲ್ಲದ ಅಚ್ಚು ಇದ್ದ ಹಾಗೆ. ಆರುವಾಗ ಒಂದರ ಬದಲು ನೂರಾರು ಹರಳು ಕಟ್ಟುತ್ತವೆ. ಹರಳಿಗೂ ಹರಳಿಗೂ ನಡುವಿನ ಗಡಿಯಲ್ಲಿ ಒಂದಿಷ್ಟು ವಿದ್ಯುತ್ ಕಳೆದುಹೋಗುತ್ತದೆ. ಪಾಲಿ ಪ್ಯಾನೆಲ್ ನೀಲಿ ಬಣ್ಣದಲ್ಲಿ, ಒಡೆದ ಗಾಜಿನ ಚೂರು ಜೋಡಿಸಿದ ಹಾಗೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ.

ಥಿನ್ ಫಿಲ್ಮ್‌ನಲ್ಲಿ ಬಿಲ್ಲೆಗಳೇ ಇರುವುದಿಲ್ಲ. ಗಾಜಿನ ಮೇಲೆ ಬಣ್ಣ ಬಳಿದ ಹಾಗೆ ತೀರಾ ತೆಳುವಾದ ಪದರ ಕೂರಿಸಿರುತ್ತಾರೆ. ಕ್ಯಾಡ್ಮಿಯಂ ಟೆಲ್ಯುರೈಡ್ ಪದರದ್ದು ಒಂದು ಬಗೆ, ಅಮಾರ್ಫಸ್ ಸಿಲಿಕಾನ್ ಪದರದ್ದು ಇನ್ನೊಂದು. ದೂರದಿಂದ ನೋಡಿದರೆ ಸಣ್ಣ ಗೆರೆಗಳಿರುವ ಕಪ್ಪು ಗಾಜಿನ ಹಾಗೆ ಕಾಣುತ್ತವೆ.

ದಕ್ಷತೆ ಅಂದರೆ ಜಾಗದ ಲೆಕ್ಕ

ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಎಲ್ಲಿಂದ ಬರುತ್ತದೆ ಗೊತ್ತೇ? ಕಾರ್ಖಾನೆಯಲ್ಲಿ ಪ್ರತಿ ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು ಬಿಟ್ಟು, ಬಿಲ್ಲೆಯನ್ನು 25 ಡಿಗ್ರಿ ತಂಪಿನಲ್ಲಿಟ್ಟು ಅಳೆಯುತ್ತಾರೆ. ಜಗತ್ತಿನ ಎಲ್ಲಾ ಕಂಪನಿಗಳಿಗೂ ಇದೇ ನಿಯಮ. ಹಾಗೆ ಅಳೆದಾಗ ಬಂದ ವ್ಯಾಟ್ ಅನ್ನು, ಪ್ಯಾನೆಲ್ ಮೇಲೆ ಬಿದ್ದ ಒಟ್ಟು ಬೆಳಕಿನಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ.

ನೀವೇ ಮಾಡಿ ನೋಡಿ. 540 ವ್ಯಾಟ್‌ನ ಮೊನೊ ಪ್ಯಾನೆಲ್ ಸಾಮಾನ್ಯವಾಗಿ 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ಗುಣಿಸಿದರೆ ಹೆಚ್ಚುಕಡಿಮೆ 2.58 ಚದರ ಮೀಟರ್. ಅದರ ಮೇಲೆ ಬಿದ್ದ ಬೆಳಕು 2580 ವ್ಯಾಟ್, ಹೊರಬಂದದ್ದು 540. ದಕ್ಷತೆ ಸುಮಾರು 21 ಪರ್ಸೆಂಟ್. 335 ವ್ಯಾಟ್‌ನ ಪಾಲಿ ಪ್ಯಾನೆಲ್ 1.94 ಚದರ ಮೀಟರ್ ಇರುತ್ತದೆ. ಅದರದ್ದು 17 ಚಿಲ್ಲರೆ.

ಈಗ ಮುಖ್ಯ ಪ್ರಶ್ನೆ. 5000 ವ್ಯಾಟ್ ಮೊನೊ, 5000 ವ್ಯಾಟ್ ಪಾಲಿ ಪಕ್ಕಪಕ್ಕ ಹಾಕಿದರೆ ಯಾವುದು ಜಾಸ್ತಿ ಕೊಡುತ್ತದೆ? ಅಳತೆಯ ಮೇಜಿನ ಮೇಲೆ ಎರಡೂ ಅಷ್ಟೇ ಕೊಡುತ್ತವೆ. ವ್ಯಾಟ್ ಬರೆಯುವಾಗಲೇ ದಕ್ಷತೆಯ ಲೆಕ್ಕ ಮುಗಿದುಹೋಗಿರುತ್ತದೆ. ಮತ್ತೊಮ್ಮೆ ಅದಕ್ಕೆ ದುಡ್ಡು ಕೊಡುವುದು ಅಂದರೆ, ಒಂದು ಕ್ವಿಂಟಲ್ ಜೋಳ ತೂಗಿಸಿ ಕೊಂಡು, ಆಮೇಲೆ "ಇದು ಎಕರೆಗೆ ಜಾಸ್ತಿ ಇಳುವರಿ ಬರುವ ತಳಿ" ಅಂತ ಮೇಲೊಂದಿಷ್ಟು ಕೊಟ್ಟ ಹಾಗೆ. ಕ್ವಿಂಟಲ್ ಕ್ವಿಂಟಲ್ಲೇ ಅಲ್ಲವೇ?

ವ್ಯತ್ಯಾಸ ಇರುವುದು ಜಾಗದಲ್ಲಿ. 5000 ವ್ಯಾಟ್‌ಗೆ 21 ಪರ್ಸೆಂಟ್‌ನ ಮೊನೊ ಸುಮಾರು 256 ಚದರ ಅಡಿ ಹಿಡಿಯುತ್ತದೆ. 17 ಪರ್ಸೆಂಟ್‌ನ ಪಾಲಿ ಸುಮಾರು 316 ಚದರ ಅಡಿ. ಒಂದು ಗುಂಟೆ ಅಂದರೆ 1089 ಚದರ ಅಡಿ. ಅಂದರೆ ಇವೆರಡರ ವ್ಯತ್ಯಾಸ ಗುಂಟೆಯ ಹದಿನೆಂಟನೇ ಒಂದು ಭಾಗ. ನಾಲ್ಕೆಕರೆ ಹೊಲ ಇರುವವನಿಗೆ ಇದೊಂದು ಜಾಗವೇ ಅಲ್ಲ.

ಹಾಗಂತ ಜಾಗಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಜಾಗ ಜಾಸ್ತಿಯಾದಷ್ಟೂ ಕಬ್ಬಿಣದ ಸ್ಟ್ರಕ್ಚರ್, ಕ್ಲ್ಯಾಂಪ್, ಕಾಂಕ್ರೀಟ್ ಬುನಾದಿ, ಕೂಲಿ ಜಾಸ್ತಿ. ಗಾಳಿಯ ಒತ್ತಡವೂ ಜಾಸ್ತಿ. 7 ಪರ್ಸೆಂಟ್ ಆಸುಪಾಸಿನ ಅಮಾರ್ಫಸ್ ಥಿನ್ ಫಿಲ್ಮ್ ಆದರೆ ಅದೇ 5000 ವ್ಯಾಟ್‌ಗೆ 760 ಚದರ ಅಡಿಗೂ ಮೇಲೆ ಬೇಕು. ಆಗ ಪ್ಯಾನೆಲ್ ಅಗ್ಗಕ್ಕೆ ಸಿಕ್ಕರೂ ಕಬ್ಬಿಣದ ಖರ್ಚು ಅದನ್ನು ನುಂಗಿಹಾಕುತ್ತದೆ. ಮನೆಯ ತಾರಸಿ ಅಥವಾ ಪ್ಯಾಕಿಂಗ್ ಶೆಡ್‌ನ ಸಣ್ಣ ಚಾವಣಿ ಮೇಲೆ ಹಾಕುವವರಿಗೂ ಜಾಗ ನಿಜವಾದ ತೊಡಕು. ಅಂಥವರು ದಕ್ಷತೆಗೆ ದುಡ್ಡು ಕೊಡುವುದು ಸರಿ. ನಾನು ಹೇಳುತ್ತಿರುವುದು ಹೊಲದಲ್ಲಿ ಪಂಪಿಗೆ ಹಾಕುವವರ ಬಗ್ಗೆ.

ಬಿಸಿಲು ಜಾಸ್ತಿಯಾದರೆ ವ್ಯಾಟ್ ಕಡಿಮೆ

ಎರಡನೇ ಸಂಖ್ಯೆಯನ್ನು ಯಾರೂ ಹೇಳುವುದಿಲ್ಲ, ನಾವೇ ಕೇಳಬೇಕು. ಅದು ತಾಪಮಾನ ಗುಣಾಂಕ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಬಿಲ್ಲೆ 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಬಿಸಿಯಾದಾಗಲೂ ಶಕ್ತಿ ಎಷ್ಟು ಪರ್ಸೆಂಟ್ ಇಳಿಯುತ್ತದೆ ಎನ್ನುವುದೇ ಈ ಗುಣಾಂಕ. ಮಾರುವವರ ಹತ್ತಿರ ಡೇಟಾಶೀಟ್‌ನ ಪಿಡಿಎಫ್ ಕೇಳಿ ವಾಟ್ಸಾಪ್‌ಗೆ ತರಿಸಿಕೊಳ್ಳಿ. ಅದರಲ್ಲಿ Temperature Coefficient of Pmax ಎನ್ನುವ ಸಾಲು ಇರುತ್ತದೆ.

ಅಲ್ಲಿ ಕಾಣುವ ಸಂಖ್ಯೆ ಸಾಮಾನ್ಯವಾಗಿ ಹೀಗಿರುತ್ತದೆ. ಪಾಲಿಗೆ ಮೈನಸ್ 0.40 ಆಸುಪಾಸು. ಪರ್ಕ್ ಎನ್ನುವ ಮೊನೊಗೆ ಮೈನಸ್ 0.35. ಟಾಪ್‌ಕಾನ್ ಎನ್ನುವ ಹೊಸ ಮೊನೊಗೆ ಮೈನಸ್ 0.30. ಕ್ಯಾಡ್ಮಿಯಂ ಟೆಲ್ಯುರೈಡ್ ಥಿನ್ ಫಿಲ್ಮ್‌ಗೂ ಹೆಚ್ಚುಕಡಿಮೆ 0.30. ಅಮಾರ್ಫಸ್‌ನದು ಇನ್ನೂ ಕಡಿಮೆ, 0.25 ಹತ್ತಿರ. ಸಂಖ್ಯೆ ಚಿಕ್ಕದಿದ್ದಷ್ಟೂ ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ ಅಂತ ಅರ್ಥ.

ಇಲ್ಲಿ ಒಂದು ವಿಷಯ ನೆನಪಿಡಿ. ಲೆಕ್ಕಕ್ಕೆ ಬೇಕಾದ್ದು ಗಾಳಿಯ ತಾಪಮಾನ ಅಲ್ಲ, ಬಿಲ್ಲೆಯದು. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಕಡೆ ಗಾಳಿ 40 ಡಿಗ್ರಿ ಇದ್ದಾಗ, ತೆರೆದ ಸ್ಟ್ರಕ್ಚರ್ ಮೇಲಿನ ಪ್ಯಾನೆಲ್ ಒಳಗೆ ಸುಮಾರು 65 ಡಿಗ್ರಿ ಇರುತ್ತದೆ. ಅಂದರೆ ಕಾರ್ಖಾನೆಯ 25ಕ್ಕಿಂತ 40 ಡಿಗ್ರಿ ಜಾಸ್ತಿ. ಲೆಕ್ಕ ಹಾಕೋಣ:

```
ಬಿಸಿ ವ್ಯಾಟ್ = ವ್ಯಾಟ್ × (1 − ಗುಣಾಂಕ × 40 ÷ 100)

ಪಾಲಿ       5000 × 0.84 = 4200
ಮೊನೊ ಪರ್ಕ್   5000 × 0.86 = 4300
ಟಾಪ್‌ಕಾನ್     5000 × 0.88 = 4400
```

ಪಾಲಿಗೂ ಮೊನೊಗೂ ಬಂದ ವ್ಯತ್ಯಾಸ ಬರೀ 100 ವ್ಯಾಟ್. ಅದೂ ವರ್ಷದ ತೀರಾ ಬಿಸಿ ಹೊತ್ತಿನಲ್ಲಿ. ಬೆಳಗಿನ ಹೊತ್ತು, ಮಳೆಗಾಲ, ಚಳಿಗಾಲದಲ್ಲಿ ಇದು ಇನ್ನೂ ಕಡಿಮೆ. "ಮೊನೊ ಹಾಕಿದರೆ ಕಾಲು ಭಾಗ ಜಾಸ್ತಿ ನೀರು" ಎನ್ನುವ ಮಾತು ಎಷ್ಟು ಪೊಳ್ಳು ಅಂತ ಇದರಿಂದಲೇ ಗೊತ್ತಾಗುತ್ತದೆ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಯಾವ ಜಾತಿಯದೇ ಹಾಕಿದರೂ, ನಮಗೆ ನೀರು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಅದು 600ರಿಂದ 800 ವ್ಯಾಟ್ ಕಳೆದುಕೊಳ್ಳುತ್ತದೆ. ಹಾಗಾಗಿ ಬೋರ್ಡಿನ ಮೇಲಿನ ವ್ಯಾಟ್ ನಂಬಿ ಬಿಗಿಯಾಗಿ ಲೆಕ್ಕ ಹಾಕಬೇಡಿ. ಬಿಸಿ ವ್ಯಾಟ್ ಮೇಲೆ ಲೆಕ್ಕ ಹಾಕಿ.

ಇಂಡಿ ಗೆಳೆಯನ ಮೂರು ಕೊಟೇಶನ್

ಇಂಡಿ ತಾಲ್ಲೂಕಿನ ನನ್ನ ಗೆಳೆಯನದು ಲಿಂಬೆ ತೋಟ, 5 ಎಚ್‌ಪಿ ಸೋಲಾರ್ ಪಂಪು. ಗಾಳಿಮಳೆಗೆ ಸ್ಟ್ರಕ್ಚರ್ ಸಮೇತ ಪ್ಯಾನೆಲ್ ಬಿದ್ದು ಒಡೆದವು. ಪಂಪ್, ಕಂಟ್ರೋಲರ್ ಚೆನ್ನಾಗಿಯೇ ಉಳಿದವು. ಸಬ್ಸಿಡಿ ಇಲ್ಲದೆ ಸ್ವಂತ ದುಡ್ಡಿನಲ್ಲಿ ಪ್ಯಾನೆಲ್ ಕೊಳ್ಳಬೇಕಿತ್ತು. ಮೂರು ಕೊಟೇಶನ್ ಕಳಿಸಿ "ಯಾವ್ದು ತಗೋಬೇಕು ಹೇಳಪಾ ದೋಸ್ತ" ಅಂದ. ಅವನಿಗೆ ಬಂದ ದರ ಇವು, ನಿಮ್ಮ ಊರಲ್ಲಿ ಬೇರೆ ಇರಬಹುದು. ದರಕ್ಕಿಂತ ಲೆಕ್ಕದ ದಾರಿ ಗಮನಿಸಿ.

ಮೊದಲನೆಯದು ಹಳೇ ಸ್ಟಾಕಿನ 335 ವ್ಯಾಟ್ ಪಾಲಿ, ಒಂದಕ್ಕೆ 8,400 ರೂಪಾಯಿ. ಎರಡನೆಯದು 540 ವ್ಯಾಟ್ ಮೊನೊ ಪರ್ಕ್, 14,000 ರೂಪಾಯಿ. ಮೂರನೆಯದು 575 ವ್ಯಾಟ್ ಟಾಪ್‌ಕಾನ್, 16,500 ರೂಪಾಯಿ. ಪ್ರತಿಯೊಂದರ ಬೆಲೆಯನ್ನು ಅದರ ಬಿಸಿ ವ್ಯಾಟ್‌ನಿಂದ ಭಾಗಿಸಿದೆವು:

```
ಪಾಲಿ       335 × 0.84 = 281    8400 ÷ 281  = ₹29.9
ಮೊನೊ ಪರ್ಕ್   540 × 0.86 = 464    14000 ÷ 464 = ₹30.2
ಟಾಪ್‌ಕಾನ್     575 × 0.88 = 506    16500 ÷ 506 = ₹32.6
```

ಪಾಲಿಗೂ ಪರ್ಕ್‌ಗೂ ವ್ಯತ್ಯಾಸ ವ್ಯಾಟ್‌ಗೆ ಮೂವತ್ತು ಪೈಸೆ. ಇಷ್ಟು ಹತ್ತಿರ ಬಂದ ಮೇಲೆ ಬೇರೆ ಖರ್ಚು ನೋಡಬೇಕು. ಪಾಲಿ ಆದರೆ 15 ಪ್ಯಾನೆಲ್ ಕೂರಿಸಬೇಕು, 29 ಚದರ ಮೀಟರ್ ಸ್ಟ್ರಕ್ಚರ್ ಬೇಕು, ಬರುವುದು 4221 ಬಿಸಿ ವ್ಯಾಟ್. ಪರ್ಕ್ ಹತ್ತು ಹಾಕಿದರೆ 26 ಚದರ ಮೀಟರ್‌ನಲ್ಲಿ 4640 ವ್ಯಾಟ್ ಸಿಗುತ್ತದೆ. ಜೊತೆಗೆ ಹಳೇ ಸ್ಟಾಕಿಗೆ ವಾರಂಟಿ ಯಾವ ತಾರೀಖಿನಿಂದ ಅಂತ ಆ ಅಂಗಡಿಯವರು ಬರೆದುಕೊಡಲು ಒಪ್ಪಲಿಲ್ಲ. ಹಾಗಾಗಿ ಪಾಲಿ ಪಟ್ಟಿಯಿಂದ ಹೋಯಿತು. ಅದು ಕೆಟ್ಟದ್ದು ಅಂತಲ್ಲ, ಅಗ್ಗದ್ದಾಗಿ ಉಳಿದಿಲ್ಲ ಅಂತ.

ಟಾಪ್‌ಕಾನ್ ಒಂಬತ್ತಕ್ಕೆ 1,48,500 ರೂಪಾಯಿ, ಬಿಸಿ ವ್ಯಾಟ್ 4554. ಪರ್ಕ್ ಹತ್ತಕ್ಕೆ 1,40,000 ರೂಪಾಯಿ, ಬಿಸಿ ವ್ಯಾಟ್ 4640. ಕಡಿಮೆ ಗುಣಾಂಕ, ಜಾಸ್ತಿ ದಕ್ಷತೆ ಎರಡೂ ಇದ್ದ ಪ್ಯಾನೆಲ್‌ಗಿಂತ, ಸಾಧಾರಣ ಪ್ಯಾನೆಲ್ ಒಂದು ಜಾಸ್ತಿ ಹಾಕಿದ್ದೇ ಅಗ್ಗಕ್ಕೂ ಬಂತು, ಶಕ್ತಿಯನ್ನೂ ಜಾಸ್ತಿ ಕೊಟ್ಟಿತು. ಜಾಗ ಇರುವ ರೈತನಿಗೆ ಇದೇ ದೊಡ್ಡ ಅನುಕೂಲ. ಬಿಸಿಯಿಂದ ಕಳೆದುಹೋಗುವ ವ್ಯಾಟ್ ಅನ್ನು ದುಬಾರಿ ತಂತ್ರಜ್ಞಾನದಿಂದ ಉಳಿಸುವುದಕ್ಕಿಂತ, ಇನ್ನೊಂದು ಪ್ಯಾನೆಲ್ ಹಾಕಿ ತುಂಬಿಕೊಳ್ಳಬಹುದು. ಇಬ್ಬರ ದರ ಸಮ ಆದ ದಿನ ಟಾಪ್‌ಕಾನ್ ತಗೊಳ್ಳಿ, ನನ್ನದೇನೂ ತಕರಾರಿಲ್ಲ. ದರಗಳು ಹತ್ತಿರ ಬರುತ್ತಲೂ ಇವೆ.

ವೋಲ್ಟೇಜ್ ನೋಡದೆ ಪ್ಯಾನೆಲ್ ಸಂಖ್ಯೆ ಬದಲಿಸಬೇಡಿ

ಒಂಬತ್ತು ಪರ್ಕ್ ಸಾಕಿತ್ತಲ್ಲ, ಹತ್ತು ಯಾಕೆ ಅಂತ ನೀವು ಕೇಳಬಹುದು. ಕಾರಣ ವೋಲ್ಟೇಜ್. ಬಿಸಿಯಾದಾಗ ಪ್ಯಾನೆಲ್‌ನ ಕರೆಂಟ್ ಹೆಚ್ಚು ಬದಲಾಗುವುದಿಲ್ಲ, ಕುಸಿಯುವುದು ವೋಲ್ಟೇಜ್. ಸಾಲಾಗಿ ಜೋಡಿಸಿದಾಗ ಎಲ್ಲದರ ವೋಲ್ಟೇಜ್ ಕೂಡುತ್ತದೆ. ಕಂಟ್ರೋಲರ್‌ಗೆ ಇಂತಿಷ್ಟು ವೋಲ್ಟ್‌ನಿಂದ ಇಂತಿಷ್ಟರೊಳಗೆ ಅಂತ ಒಂದು ಮಿತಿ ಇರುತ್ತದೆ. ಗೆಳೆಯನ ಕಂಟ್ರೋಲರ್ ಪ್ಲೇಟ್ ಮೇಲೆ 300ರಿಂದ 750 ವೋಲ್ಟ್ ಅಂತ ಬರೆದಿತ್ತು.

540 ವ್ಯಾಟ್‌ನ ಪ್ಯಾನೆಲ್ ಕೆಲಸ ಮಾಡುವ ವೋಲ್ಟೇಜ್ 41.6. ಒಂಬತ್ತಕ್ಕೆ 374 ವೋಲ್ಟ್. ಏಪ್ರಿಲ್ ಮಧ್ಯಾಹ್ನ 14 ಪರ್ಸೆಂಟ್ ಇಳಿದರೆ 322. ತಂತಿಯಲ್ಲಿ ಒಂದಿಷ್ಟು ಹೋಗಿ, ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ 300ರ ಕೆಳಗೆ ಹೋಗಿ ಪಂಪು ನಿಂತೇಬಿಡುತ್ತದೆ. ಹತ್ತು ಹಾಕಿದರೆ ಅದೇ ಬಿಸಿಲಲ್ಲಿ 358 ವೋಲ್ಟ್ ಉಳಿಯುತ್ತದೆ. ಮೊದಲು ಅವನ ಹತ್ತಿರ ಇದ್ದದ್ದು 15 ಸಣ್ಣ ಪ್ಯಾನೆಲ್‌ಗಳ ಸಾಲು. ದೊಡ್ಡ ಪ್ಯಾನೆಲ್ ಕಡಿಮೆ ಸಂಖ್ಯೆಯಲ್ಲಿ ಹಾಕಿದಾಗ ವ್ಯಾಟ್ ಸರಿಬಂದರೂ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಏರುತ್ತದೆ. ಈ ಪ್ಯಾನೆಲ್‌ಗಳ ಕರೆಂಟ್ 13 ಆಂಪಿಯರ್ ಆಸುಪಾಸು ಇರುತ್ತದೆ, ಕಂಟ್ರೋಲರ್ ಅಷ್ಟು ತಡೆಯುತ್ತದೆಯೇ ಅಂತ ಪ್ಲೇಟ್ ಮೇಲೆಯೇ ನೋಡಿಕೊಳ್ಳಿ.

ಚಳಿಗಾಲದಲ್ಲಿ ಇದು ಉಲ್ಟಾ. ಡಿಸೆಂಬರ್‌ನ 10 ಡಿಗ್ರಿ ಬೆಳಗಿನಲ್ಲಿ, ಪಂಪ್ ಇನ್ನೂ ಶುರುವಾಗದೆ ಸಾಲು ಖಾಲಿ ನಿಂತಾಗ ವೋಲ್ಟೇಜ್ ಅತಿ ಹೆಚ್ಚು. ಡೇಟಾಶೀಟ್‌ನ Voc ಅನ್ನು ಪ್ಯಾನೆಲ್ ಸಂಖ್ಯೆಯಿಂದ ಗುಣಿಸಿ, ಅದಕ್ಕೆ 5 ಪರ್ಸೆಂಟ್ ಸೇರಿಸಿ. ಅದು ಕಂಟ್ರೋಲರ್‌ನ ಗರಿಷ್ಠ ಮಿತಿ ದಾಟಬಾರದು. ಬೇಸಿಗೆಯಲ್ಲಿ ವೋಲ್ಟೇಜ್ ಕಡಿಮೆಯಾದರೆ ಪಂಪ್ ನಿಲ್ಲುತ್ತದೆ ಅಷ್ಟೆ, ಚಳಿಯಲ್ಲಿ ಮಿತಿ ದಾಟಿದರೆ ಕಂಟ್ರೋಲರ್ರೇ ಸುಟ್ಟುಹೋಗಬಹುದು.

ನಿಮ್ಮ ಪಂಪ್ ಮಾರ್ಚ್‌ನಿಂದ ಮೇ ತನಕ ಸರಿಯಾಗಿ ನಡು ಮಧ್ಯಾಹ್ನ ನಿಂತು, ಮೂರು ಗಂಟೆ ಮೇಲೆ ತಾನೇ ಶುರುವಾಗುತ್ತಿದೆಯೇ? ಬೋರ್‌ನಲ್ಲಿ ನೀರು ಇಲ್ಲ ಅಂತ ತೀರ್ಮಾನಿಸುವ ಮೊದಲು, ನಿಲ್ಲುವ ಹೊತ್ತಿನಲ್ಲಿ ಕಂಟ್ರೋಲರ್ ಡಿಸ್‌ಪ್ಲೇಯಲ್ಲಿ ಡಿಸಿ ವೋಲ್ಟೇಜ್ ಎಷ್ಟಿದೆ ನೋಡಿ ಫೋಟೊ ತೆಗೆದುಕೊಳ್ಳಿ. ಕೆಳಮಿತಿಯ ಹತ್ತಿರ ಇದ್ದರೆ ದೋಷ ಬೋರ್‌ನದಲ್ಲ, ಬಿಸಿಯದು.

ಥಿನ್ ಫಿಲ್ಮ್ ಬಗ್ಗೆ

ಬಿಸಿಗೆ ಚೆನ್ನಾಗಿ ತಡೆಯುತ್ತದೆ ಅಂದಮೇಲೆ ಥಿನ್ ಫಿಲ್ಮ್ ಯಾಕೆ ಬೇಡ? ಕ್ಯಾಡ್ಮಿಯಂ ಟೆಲ್ಯುರೈಡ್ ಪ್ಯಾನೆಲ್‌ಗಳು ಈಗ ತಮಿಳುನಾಡಿನಲ್ಲೇ ತಯಾರಾಗುತ್ತವೆ. ಬಿಸಿಲಿನ ನಾಡಿನ ದೊಡ್ಡ ಸೋಲಾರ್ ಪಾರ್ಕ್‌ಗಳಿಗೆ ಅವು ಒಳ್ಳೆಯ ಪ್ಯಾನೆಲ್‌ಗಳೇ. ನಮ್ಮ ಪಂಪಿಗೆ ಹೊಂದುವುದು ಮಾತ್ರ ಕಷ್ಟ. ಒಂದೊಂದು ಪ್ಯಾನೆಲ್‌ನ ವೋಲ್ಟೇಜ್ ಸಿಲಿಕಾನ್‌ನದಕ್ಕಿಂತ ಬಹಳ ಜಾಸ್ತಿ, ಕರೆಂಟ್ ಬಹಳ ಕಡಿಮೆ. ಹಾಗಾಗಿ ನಮ್ಮ ಕಂಟ್ರೋಲರ್‌ಗೆ ಸಾಲು ಕಟ್ಟುವ ಲೆಕ್ಕವೇ ಬೇರೆಯಾಗುತ್ತದೆ, ತಂತಿ ಜೋಡಣೆ ಹೆಚ್ಚುತ್ತದೆ. ಒಂದು ಒಡೆದರೆ ಅದೇ ಮಾದರಿಯ ಇನ್ನೊಂದು ತಾಲ್ಲೂಕಿನ ಅಂಗಡಿಯಲ್ಲಿ ಸಿಗುವುದಿಲ್ಲ.

ಸಾವಯವ ಬೆಳೆಗಾರನಾಗಿ ನನಗೆ ಇನ್ನೊಂದು ಮಾತು ಮುಖ್ಯ. ಪದರ ಎರಡು ಗಾಜಿನ ನಡುವೆ ಭದ್ರವಾಗಿರುವ ತನಕ ಕ್ಯಾಡ್ಮಿಯಂ ಹೊರಗೆ ಬರುವುದಿಲ್ಲ. ಆದರೆ ಆಲಿಕಲ್ಲಿಗೋ ಗಾಳಿಗೋ ಒಡೆದ ಚೂರು ಹೊಲದ ಬದುವಿನಲ್ಲಿ ವರ್ಷಗಟ್ಟಲೆ ಬಿದ್ದಿರಬಾರದು. ಕ್ಯಾಡ್ಮಿಯಂ ವಿಷದ ಲೋಹ, ಸೊಪ್ಪಿನ ಬೆಳೆಗಳು ಅದನ್ನು ಮಣ್ಣಿನಿಂದ ಸುಲಭವಾಗಿ ಎಳೆದುಕೊಳ್ಳುತ್ತವೆ. ದೊಡ್ಡ ಪಾರ್ಕ್‌ಗಳಲ್ಲಿ ಒಡೆದದ್ದನ್ನು ಕಂಪನಿ ವಾಪಸ್ ಪಡೆಯುವ ಏರ್ಪಾಡು ಇರಬಹುದು, ಬಿಡಿಯಾಗಿ ಕೊಂಡ ಹತ್ತು ಪ್ಯಾನೆಲ್‌ಗೆ ಯಾರು ಬರುತ್ತಾರೆ? ಆದ್ದರಿಂದ ಸೆಕೆಂಡ್ ಹ್ಯಾಂಡ್ ಥಿನ್ ಫಿಲ್ಮ್ ಎಷ್ಟೇ ಅಗ್ಗಕ್ಕೆ ಬಂದರೂ ತೋಟಕ್ಕೆ ತರಬೇಡಿ ಎನ್ನುತ್ತೇನೆ.

ಪ್ಯಾನೆಲ್ ಜಾತಿಗಿಂತ ಕೆಳಗಿನ ಗಾಳಿ ದೊಡ್ಡದು

ಪಾಲಿಗೂ ಪರ್ಕ್‌ಗೂ ಬೇಸಿಗೆಯಲ್ಲಿ ಬಂದ ವ್ಯತ್ಯಾಸ 2 ಪರ್ಸೆಂಟ್ ಅಂತ ಮೇಲೆ ನೋಡಿದೆವು. ಈಗ ಇದನ್ನು ನೋಡಿ. ಅದೇ ಪರ್ಕ್ ಪ್ಯಾನೆಲ್ ಅನ್ನು ತಗಡಿನ ಶೆಡ್ ಮೇಲೆ ಅಂಟಿಸಿದ ಹಾಗೆ ಕೂರಿಸಿದರೆ, ಹಿಂದೆ ಗಾಳಿ ಆಡದೆ ಸುಲಭವಾಗಿ 10 ಡಿಗ್ರಿ ಜಾಸ್ತಿ ಬಿಸಿಯಾಗಬಹುದು. 10 ಡಿಗ್ರಿಗೆ 0.35 ಲೆಕ್ಕದಲ್ಲಿ 3.5 ಪರ್ಸೆಂಟ್ ಹೋಯಿತು. ಅಂದರೆ ಒಳ್ಳೆಯ ಜಾತಿಯ ಪ್ಯಾನೆಲ್‌ಗೆ ಕೊಟ್ಟ ದುಡ್ಡನ್ನು ಕೂರಿಸುವಾಗಲೇ ಕಳೆದುಕೊಂಡ ಹಾಗಾಯಿತು. ಹೊಲದಲ್ಲಾದರೆ ಎಲ್ಲಾ ಕಡೆ ತೆರೆದಿರುವ ಸ್ಟ್ರಕ್ಚರ್ ಹಾಕಿ. ಕೆಳಗೆ ಮೇವು, ಗೊಬ್ಬರದ ಚೀಲ ಒಟ್ಟಿ ಗಾಳಿ ತಡೆಯಬೇಡಿ. ಶೆಡ್ ಮೇಲೆ ಆದರೆ ತಗಡಿಗೂ ಪ್ಯಾನೆಲ್‌ಗೂ ನಡುವೆ ಕನಿಷ್ಠ ಒಂದು ಗೇಣು ಬಿಡಿ.

ತಂಪು ಮಾಡಲು ಮಧ್ಯಾಹ್ನ ಬೋರ್ ನೀರು ಚಿಮುಕಿಸುವವರನ್ನೂ ನೋಡಿದ್ದೇನೆ. ಹಾಗೆ ಮಾಡಬೇಡಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಅಪಾಯ ಇದೆ. ನಮ್ಮ ಕಡೆಯ ಗಡಸು ನೀರು ಆರಿದಾಗ ಬಿಳಿ ಉಪ್ಪಿನ ಪದರ ಕಟ್ಟಿ ಬೆಳಕನ್ನೇ ತಡೆಯುತ್ತದೆ. ತೊಳೆಯುವುದಿದ್ದರೆ ಬಿಸಿಲೇರುವ ಮೊದಲು ತೊಳೆಯಿರಿ.

ಸಬ್ಸಿಡಿಯಲ್ಲಿ ಪಂಪ್ ಪಡೆಯುವವರಿಗೆ ಪಾಲಿ ಬೇಕೇ ಮೊನೊ ಬೇಕೇ ಎನ್ನುವ ಪ್ರಶ್ನೆ ಹೆಚ್ಚುಕಡಿಮೆ ಮುಗಿದಿದೆ. ಕೇಂದ್ರ ಸರ್ಕಾರ 2023ರಲ್ಲಿ ತನ್ನ ಅನುಮೋದಿತ ಪಟ್ಟಿಗೆ ಕನಿಷ್ಠ ದಕ್ಷತೆ ನಿಗದಿ ಮಾಡಿದ ಮೇಲೆ 17 ಪರ್ಸೆಂಟ್‌ನ ಪಾಲಿ ಆ ಪಟ್ಟಿಗೆ ಬರುವುದಿಲ್ಲ. ಅಂಥವರು ಗುಣಾಂಕ, ವೋಲ್ಟೇಜ್ ಮತ್ತು ಕೂರಿಸುವ ರೀತಿ ನೋಡಿಕೊಂಡರೆ ಸಾಕು. ಸ್ವಂತ ದುಡ್ಡಿನಲ್ಲಿ ಕೊಳ್ಳುವವರು ಮಾತ್ರ ಕೊಟೇಶನ್ ಕೈಗೆ ಬಂದ ಕೂಡಲೇ ಮೊದಲು ಬಿಸಿ ವ್ಯಾಟ್ ತೆಗೆಯಿರಿ, ಬೆಲೆಯನ್ನು ಅದರಿಂದ ಭಾಗಿಸಿ. ಯಾವುದಕ್ಕೆ ಕಡಿಮೆ ಬರುತ್ತದೋ ಅದರ ವಾರಂಟಿ ಮತ್ತು ವೋಲ್ಟೇಜ್ ಸರಿಯಿದ್ದರೆ, ಅದೇ ನಿಮ್ಮ ಹೊಲದ ಪ್ಯಾನೆಲ್.